ಛತ್ರದವನ ಕೈಗೆ ಕೊಟ್ಟ ಕೃತಜ್ಞತೆ

(ಸಂತ ಕ್ರಿಸ್ಟೋಫರರ ಹಬ್ಬದಂದು, ವಾಹನಗಳ ಆಶೀರ್ವಾದಕ್ಕೆ ಮುನ್ನ ನೀಡಿದ ಪ್ರಬೋಧನೆ. ಶುಭಸಂದೇಶ ವಾಚನ: ಲೂಕ 10: 25-37)



ಹೊರಗೆ ದೇವಾಲಯದ ಅಂಗಳದಲ್ಲಿ ನಿಮ್ಮ ಬೈಕುಗಳು, ಆಟೋಗಳು, ಎರಡು ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ. ಹ್ಯಾಂಡಲ್ಲಿಗೆ ಹೂವಿನ ಹಾರ ಹಾಕಿದ್ದೀರಿ. ಮಳೆ ಬರುವುದರೊಳಗೆ ಆಶೀರ್ವಾದ ಮುಗಿಯಲಿ ಎಂದು ಕೆಲವರು ಕಿಟಕಿಯತ್ತ ನೋಡುತ್ತಿರುವುದೂ ನನಗೆ ಕಾಣುತ್ತಿದೆ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಆದರೆ ಇಂದು ಹೇಳಲೇಬೇಕಾದ ಒಂದು ಸಂಗತಿ ಇದೆ. ಅದನ್ನು ಹೇಳಲು ಆ ಕುಟುಂಬದವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಸಂತ ಕ್ರಿಸ್ಟೋಫರರ ಬಗ್ಗೆ ನಮಗೆ ಖಚಿತವಾಗಿ ತಿಳಿದಿರುವುದು ಬಹಳ ಕಡಿಮೆ. ಪ್ರಯಾಣಿಕರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರು ಎಂಬುದು ಜನರು ಉಳಿಸಿಕೊಂಡು ಬಂದ ಕಥೆ. 1969ರಲ್ಲಿ ಧರ್ಮಸಭೆಯು ತನ್ನ ಹಬ್ಬಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಇವರ ಹೆಸರು ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟುಹೋಯಿತು; ಸ್ಥಳೀಯವಾಗಿ ಆಚರಿಸಲು ಮಾತ್ರ ಅಡ್ಡಿಯಿರಲಿಲ್ಲ. ಗುರುತು ಪರಿಚಯ ಬಿಟ್ಟುಹೋಗದ ಒಬ್ಬ ಉಪಕಾರಿಯನ್ನು ನೆನೆಯುತ್ತಿದ್ದೇವೆ, ಅಷ್ಟೇ. ನಾನು ಹೇಳಹೊರಟಿರುವವರೂ ಅಂಥವರೇ.

ಕಳೆದ ವರ್ಷ ಹೆಸರು ಬಿಡಿಸುವ ಕಾಲ. ಎರಡು ದಿನ ಬಿಟ್ಟು ಬಿಟ್ಟು ಮಳೆ. ನಮ್ಮ ಧರ್ಮಕೇಂದ್ರದ ಒಬ್ಬ ತಂದೆ, ಹನ್ನೆರಡು ವರ್ಷದ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಅಂತೂರ ಬೆಂತೂರದಲ್ಲಿರುವ ಗೆಳೆಯರ ಮನೆಗೆ ಹೋಗಿ ಗದಗಿಗೆ ಮರಳುತ್ತಿದ್ದರು. ಆ ಕಡೆಯ ನೆಲ ನಿಮಗೆ ಗೊತ್ತಿದೆ, ಎರೆ ನೆಲ. ಮಳೆ ಬಿದ್ದಾಗ ಹೊಲದಿಂದ ಮೇಲೆ ಬರುವ ಟ್ರ್ಯಾಕ್ಟರಿನ ಗಾಲಿಗೆ ಅಂಟಿದ ಎರೆಮಣ್ಣು ಡಾಂಬರು ರಸ್ತೆಯ ಮೇಲೆ ಪಟ್ಟಿ ಪಟ್ಟಿಯಾಗಿ ಉದುರುತ್ತದೆ. ಒಣಗಿದ್ದರೆ ತೊಂದರೆಯಿಲ್ಲ, ಹೆಂಟೆಯಾಗಿ ಪುಡಿಯಾಗುತ್ತದೆ. ಪೂರ್ತಿ ಮಳೆ ಹೊಡೆದರೂ ಕೊಚ್ಚಿಕೊಂಡು ಹೋಗುತ್ತದೆ. ಅಪಾಯ ಇರುವುದು ಜಿಟಿಜಿಟಿ ಮಳೆಯಲ್ಲಿ. ಆಗ ಅದು ಎಣ್ಣೆ ಸವರಿದ ಹಾಗೆ. ತಿರುವಿನಲ್ಲಿ ಅವರು ಮುಂದಿನ ಬ್ರೇಕ್ ಒತ್ತಿದರು. ಬೈಕು ಮಲಗಿತು.

ತಂದೆಯ ಕಾಲು ಬೈಕಿನ ಕೆಳಗೆ ಸಿಕ್ಕಿ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಮೀನಖಂಡ ಸೀಳಿ ರಕ್ತ ಹರಿಯತೊಡಗಿತು. ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು. ಮಗಳ ತಲೆಯ ಮೇಲೆ ಇರಲಿಲ್ಲ. ಇದನ್ನು ನಾನು ಹೇಳುವುದು ಬೇಡವೆಂದು ನನಗೆ ಅನಿಸಿತ್ತು. ಹೇಳಿ ಎಂದವರು ಆ ತಂದೆಯೇ.

ಐದಾರು ಜನ ಸೇರಿದರು. ಒಬ್ಬ ಫೋನ್ ಹಿಡಿದು ಚಿತ್ರ ತೆಗೆದ. ಒಬ್ಬರು ಹುಡುಗಿಯನ್ನು ಎತ್ತಿ ನಿಲ್ಲಿಸಲು ನೋಡಿದರು. ಇನ್ನೊಬ್ಬರು ಬಾಟಲಿಯಲ್ಲಿ ನೀರು ತಂದರು. ಹತ್ತಿರದ ಚಹಾದ ಅಂಗಡಿಯಿಂದ ಯಾರೋ ಗಾಯಕ್ಕೆ ತುಂಬಲು ಹಿಡಿ ಚಹಾಪುಡಿ ತಂದರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಚಿತ್ರ ತೆಗೆದವನನ್ನೂ ನಾನು ಕೆಟ್ಟವನೆನ್ನುವುದಿಲ್ಲ. ಆದರೂ 2017ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಹದಿನೆಂಟರ ಹುಡುಗನೊಬ್ಬ ರಸ್ತೆಯ ಮೇಲೆ ರಕ್ತ ಸುರಿಸುತ್ತ ಸಹಾಯ ಕೇಳುತ್ತಿದ್ದಾಗ ಸುತ್ತ ನಿಂತವರು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರು. ಆ ಹುಡುಗ ಉಳಿಯಲಿಲ್ಲ. ಆ ಸುದ್ದಿ ಓದಿ ನಾವೆಲ್ಲ ತಲೆ ತಗ್ಗಿಸಿದ್ದೆವು.

ಅಂತೂರ ಬೆಂತೂರದ ದಾರಿಯಲ್ಲಿ ಹಾಗಾಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದ ಒಬ್ಬ ರೈತರು ಟ್ರೇಲರನ್ನು ರಸ್ತೆಗೆ ಅಡ್ಡಲಾಗಿ, ಹಿಂದಿನಿಂದ ಬರುವ ವಾಹನಗಳಿಗೆ ಕಾಣುವಂತೆ ನಿಲ್ಲಿಸಿ ಇಳಿದರು. ಅವರು ಮಾಡಿದ್ದನ್ನೆಲ್ಲ ಹುಡುಗಿ ಆಮೇಲೆ ಒಂದೊಂದಾಗಿ ಹೇಳಿದಳು. ಮಕ್ಕಳ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ. ಮೊದಲು ಹೆಗಲ ಮೇಲಿನ ವಲ್ಲಿಯನ್ನು ಮಡಚಿ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿದರು. ಚಹಾಪುಡಿ ಬೇಡ ಎಂದರು. ರಕ್ತ ವಲ್ಲಿಯನ್ನು ತೋಯಿಸಿ ಮೇಲೆ ಬಂದಾಗ, ತೆಗೆದು ನೋಡಲಿಲ್ಲ. ಇನ್ನೊಬ್ಬರ ವಲ್ಲಿ ಕೇಳಿ ಅದರ ಮೇಲೆಯೇ ಇಟ್ಟು ಒತ್ತಿದರು. ಸೊಟ್ಟಗಾಗಿದ್ದ ಕಾಲನ್ನು ನೇರ ಮಾಡಲು ಹೋಗಲಿಲ್ಲ. ತಂದೆಯ ಹೆಲ್ಮೆಟ್ಟನ್ನು ಎಳೆಯಲು ಬಿಡಲಿಲ್ಲ. ಹುಡುಗಿಯನ್ನು ಎಬ್ಬಿಸಬೇಡಿ, ನೀರು ಕುಡಿಸಬೇಡಿ ಎಂದರು. ಮತ್ತೊಬ್ಬರ ಕೈಯಿಂದ 108ಕ್ಕೆ ಫೋನ್ ಮಾಡಿಸಿದರು. ಎಲ್ಲಿದ್ದೀರಿ ಎಂದು ಆ ಕಡೆಯಿಂದ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಹೊಲದ ಗುರುತು ಹೇಳತೊಡಗಿದರಂತೆ. ಇವರು ಗಾಯವನ್ನು ಒತ್ತಿಕೊಂಡೇ ಒಬ್ಬ ಹುಡುಗನನ್ನು ಓಡಿಸಿ, ರಸ್ತೆಯ ಕಿಲೋಮೀಟರ್ ಕಲ್ಲಿನ ಮೇಲಿನ ಅಕ್ಷರ, ಅಂಕಿ ಓದಿಸಿ ಹೇಳಿಸಿದರು. ಅದೇ ಹುಡುಗನನ್ನು ಆಂಬುಲೆನ್ಸಿಗೆ ಕೈತೋರಿಸಲು ಕ್ರಾಸಿಗೆ ಕಳಿಸಿದರು.

ಇದರಲ್ಲಿ ಎಷ್ಟು ವಿವೇಕವಿತ್ತು ಎಂಬುದನ್ನು ಆಮೇಲೆ ವೈದ್ಯರು ವಿವರಿಸಿದರು. ಹರಿಯುವ ರಕ್ತ ನಿಲ್ಲುವುದು ಬಿಡದೆ ಒತ್ತಿ ಹಿಡಿಯುವುದರಿಂದ. ನಿಂತಿತೇ ಎಂದು ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿದರೆ, ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತುಬಂದು ಮತ್ತೆ ಮೊದಲಿನಿಂದ ಆರಂಭ. ಕನಿಷ್ಠ ಹತ್ತು ನಿಮಿಷವಾದರೂ ಕೈ ತೆಗೆಯಬಾರದು. ಚಹಾಪುಡಿ, ಅರಿಶಿನ, ಮಣ್ಣು ಯಾವುದನ್ನು ತುಂಬಿದರೂ ಮೂಳೆ ಮುರಿದ ಗಾಯದೊಳಗೆ ಕೊಳೆ ಹೋಗಿ ಕೀವಾಗುವ ಭಯ. ಅದನ್ನು ತೊಳೆದು ತೆಗೆಯುವುದೇ ಇನ್ನೊಂದು ಕೆಲಸ. ತಲೆಗೆ ಪೆಟ್ಟು ಬಿದ್ದವರಿಗೆ ನೀರು ಕುಡಿಸಿದರೆ ವಾಂತಿಯಾಗಿ ಉಸಿರಿಗೆ ಸಿಕ್ಕಬಹುದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದವರಿಗೂ ಹೊಟ್ಟೆ ಖಾಲಿಯಿರುವುದೇ ಒಳ್ಳೆಯದು.

ಆಂಬುಲೆನ್ಸ್ ಬಂತು. ಆ ರೈತರು ತಂದೆಯ ಫೋನು, ಬೈಕಿನ ಕೀಲಿ, ಪರ್ಸು ಮೂರನ್ನೂ ತಮ್ಮಲ್ಲಿದ್ದ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಆಂಬುಲೆನ್ಸಿನ ಸಿಬ್ಬಂದಿಯ ಕೈಗೆ ಕೊಟ್ಟರು. ಬೈಕನ್ನು ಚಹಾದ ಅಂಗಡಿಯ ಪಕ್ಕ ನಿಲ್ಲಿಸಿ ಬೀಗ ಹಾಕಿಸಿದ್ದರು. ಯಾರೋ ಹೆಸರು ಕೇಳಿದರು. “ಹೆಸರ ತಗೊಂಡ್ ಏನ್ ಮಾಡ್ತೀರಿ, ಲಗೂನ ಒಯ್ರಿ” ಎಂದು ಟ್ರ್ಯಾಕ್ಟರ್ ಹತ್ತಿ ಹೋದರು.

ಈಗ ಶುಭಸಂದೇಶದ ದಾರಿಗೆ ಬರೋಣ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿ ಸುಮಾರು ಸಾವಿರ ಮೀಟರ್ ಇಳಿಜಾರು, ಬೋಳು ಗುಡ್ಡಗಳು, ಕಳ್ಳರ ಭಯ. ಅಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಕರುಣೆಯ ಬಗ್ಗೆ ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ನಾನು ಇಂದು ಕೇಳುವ ಪ್ರಶ್ನೆ ಬೇರೆ. ಗಾಯಾಳು ಗುಣವಾದ ಮೇಲೆ ಏನು ಮಾಡಿದ? ಸಂತ ಲೂಕರು ಅದನ್ನು ಹೇಳುವುದೇ ಇಲ್ಲ. ಅರೆಜೀವವಾಗಿ ಬಿದ್ದಿದ್ದವನು ತನ್ನನ್ನು ಎತ್ತಿದವನ ಮುಖವನ್ನಾದರೂ ಸರಿಯಾಗಿ ನೋಡಿದ್ದನೋ ಇಲ್ಲವೋ. ಕಣ್ಣು ತೆರೆದಾಗ ಆ ಮನುಷ್ಯ ಹೊರಟುಹೋಗಿದ್ದ. ಅವನು ಯಾವ ಊರಿನವನು, ಯಾವ ಬಣ್ಣದ ಕತ್ತೆಯ ಮೇಲೆ ಬಂದ, ಮತ್ತೆ ಯಾವಾಗ ಬರುತ್ತೇನೆಂದ, ಇದೆಲ್ಲ ಗೊತ್ತಿದ್ದವನು ಒಬ್ಬನೇ: ಛತ್ರದವನು. ಎರಡು ದೆನಾರಿ, ಅಂದರೆ ಎರಡು ದಿನದ ಕೂಲಿಯನ್ನು ಪಡೆದು, ಮಿಕ್ಕದ್ದು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂಬ ಮಾತಿನ ಮೇಲೆ ನಂಬಿಕೆಯಿಟ್ಟವನು. ಗಾಯಾಳುವಿನ ಬಾಯಿಂದ ಒಂದು ಮಾತು ಸಮಾರಿಯದವನ ಕಿವಿ ಮುಟ್ಟಬೇಕಾದರೆ ಅದು ಛತ್ರದವನ ಮೂಲಕವೇ ಹೋಗಬೇಕಾಗಿತ್ತು. ಈ ಛತ್ರದವನ ಮೇಲೆ ನಾವು ಗುರುಗಳು ಪ್ರಬೋಧನೆ ಮಾಡಿದ್ದು ಬಹಳ ಕಡಿಮೆ. ಅವನಿಗೆ ಇಂದು ಸ್ವಲ್ಪ ನ್ಯಾಯ ಸಲ್ಲಲಿ.

ನಮ್ಮ ಕುಟುಂಬಕ್ಕೆ ಸಿಕ್ಕ ಛತ್ರದವನು ಗದಗಿನ ಎ.ಪಿ.ಎಂ.ಸಿ. ಅಂಗಳದ ಒಬ್ಬ ಅಡತಿ ವ್ಯಾಪಾರಸ್ಥರು. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ತಾಯಿಯ ಕಣ್ಣು ಆ ಬಟ್ಟೆಯ ಚೀಲದ ಮೇಲೆ ಬಿತ್ತು. ಹಬ್ಬಕ್ಕೆ ಅಡತಿ ಅಂಗಡಿಯವರು ತಮ್ಮ ರೈತರಿಗೆ ಕೊಡುವಂಥ ಚೀಲ. ಅಂಗಡಿಯ ಹೆಸರು ಅಚ್ಚಾಗಿತ್ತು. ಆಸ್ಪತ್ರೆಯ ದಾಖಲೆಯಲ್ಲಿ ಯಾರು ಕರೆತಂದರು ಎಂಬಲ್ಲಿ 108 ಎಂದಷ್ಟೇ ಇತ್ತು. ಬೇರೆ ಸುಳಿವು ಇರಲಿಲ್ಲ.

ಅಷ್ಟರೊಳಗೆ ಮನೆಯ ಹುಡುಗನೊಬ್ಬ ಅವಸರ ಮಾಡಿದ್ದ. ಸ್ಥಳದಲ್ಲಿ ತೆಗೆದ ಚಿತ್ರ ಹೇಗೋ ಅವನ ಕೈಗೆ ಬಂದಿತ್ತು. ‘ಈ ಪುಣ್ಯಾತ್ಮ ಯಾರು, ಹುಡುಕಿಕೊಡಿ’ ಎಂದು ವಾಟ್ಸಾಪಿನಲ್ಲಿ ಹಾಕಿಬಿಟ್ಟ. ಚಿತ್ರದಲ್ಲಿ ಟ್ರ್ಯಾಕ್ಟರಿನ ನಂಬರು ಕಾಣುತ್ತಿತ್ತು, ರಕ್ತದ ನಡುವೆ ಮಲಗಿದ್ದ ಹುಡುಗಿಯ ಮುಖವೂ ಕಾಣುತ್ತಿತ್ತು. ಆ ಚಿತ್ರ ಸಂಜೆಯೊಳಗೆ ಎಲ್ಲೆಲ್ಲೋ ಹೋಯಿತು. ಟ್ರ್ಯಾಕ್ಟರೇ ಗುದ್ದಿತು ಎಂದು ಯಾರೋ ಕೆಳಗೆ ಬರೆದರು. ಉಪಕಾರ ಮಾಡಿದವರು ಅಪರಾಧಿಯಾಗಲು ಒಂದು ಸಾಲು ಸಾಕಾಯಿತು ನೋಡಿ. ಮರುದಿನ ಒಬ್ಬ ಫೋನ್ ಮಾಡಿ, ಕಾಪಾಡಿದವನು ನಾನೇ, ಖರ್ಚಿಗೆ ಏನಾದರೂ ಕಳಿಸಿ ಎಂದ. ತಾಯಿ ಜಾಣೆ. “ನೀವು ನಮ್ಮ ಸಾಮಾನು ಯಾವುದರೊಳಗ ಹಾಕಿ ಕೊಟ್ರಿ?” ಎಂದು ಕೇಳಿದರು. ಚಿತ್ರದಲ್ಲಿ ಕಾಣದ ಸಂಗತಿ ಅದು. ಆತ ಪ್ಲಾಸ್ಟಿಕ್ ಚೀಲ ಎಂದ. ತಾಯಿ ಫೋನ್ ಇಟ್ಟರು, ಹುಡುಗನಿಂದ ಚಿತ್ರವನ್ನೂ ಅಳಿಸಿಸಿದರು. ಹರಡಿಹೋದದ್ದನ್ನು ಮಾತ್ರ ಅಳಿಸಲಾಗಲಿಲ್ಲ.

ಆಮೇಲೆ ಅವರು ನನ್ನಲ್ಲಿಗೆ ಬಂದರು. ನಾನು ಅವರ ಜೊತೆ ಅಡತಿ ಅಂಗಡಿಗೆ ಹೋದೆ. ಸಾವಕಾರರು ಚೀಲ ನೋಡಿದರು, ಹುಡುಗಿ ಹೇಳಿದ ಗುರುತು ಕೇಳಿದರು, ನಕ್ಕರು. ಅವರಿಗೆ ಗೊತ್ತಾಗಿತ್ತು. ಹೆಸರು ಮತ್ತು ಫೋನ್ ನಂಬರು ಕೊಡಿ ಎಂದಾಗ ಮಾತ್ರ ಅವರು ತಲೆಯಾಡಿಸಿದರು. “ನಂಬರ ಕೊಡಂಗಿಲ್ರಿ ಸ್ವಾಮ್ಯಾರ. ತಪ್ಪ ತಿಳ್ಕೋಬ್ಯಾಡ್ರಿ. ಮೊದಲ ಅವನ್ನ ಕೇಳ್ತೀನಿ. ಅವ ಹೂಂ ಅಂದ್ರ ನಿಮಗ ಹೇಳ್ತೀನಿ. ಒಲ್ಲೆ ಅಂದ್ರ, ನೀವು ಏನ್ ಹೇಳೂದಿದ್ರೂ ನನ್ನ ಮುಂದ ಹೇಳ್ರಿ, ನಾ ಮುಟ್ಟಸ್ತೀನಿ.”

ತಾಯಿಗೆ ಮೊದಲು ಬೇಸರವಾಯಿತು. ನನಗೂ ಸ್ವಲ್ಪ ಆಯಿತು, ಸುಳ್ಳೇಕೆ ಹೇಳಲಿ. ಗುರುಗಳೇ ಬಂದರೂ ಕೊಡಲಿಲ್ಲವಲ್ಲ ಎಂಬ ಬಿಂಕ. ಎರಡು ದಿನದ ಮೇಲೆ ಸಾವಕಾರರು ಕಾರಣ ಹೇಳಿದರು. ಸುಮಾರು ಹದಿನೈದು ವರ್ಷದ ಹಿಂದೆ ಅದೇ ರೈತರು ರಸ್ತೆಯಲ್ಲಿ ಬಿದ್ದವರೊಬ್ಬರನ್ನು ತಮ್ಮ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಅಂದು ರಾತ್ರಿಯವರೆಗೆ ಅವರನ್ನು ಬಿಡಲಿಲ್ಲ. ಮುಂಗಡ ಹಣ ಯಾರು ಕಟ್ಟುತ್ತಾರೆ ಎಂದು ಇವರನ್ನೇ ಕೇಳಿದರು. ಆಮೇಲೆ ಠಾಣೆ, ಹೇಳಿಕೆ, ಕೋರ್ಟಿನ ತಾರೀಖು. ಮೂರು ಸಲ ಹೋಗಿ ಮೂರು ಸಲವೂ ಕೇಸು ಮುಂದೆ ಹೋಯಿತೆಂದು ಮರಳಿ ಬಂದರು. ಅದರಲ್ಲಿ ಒಂದು ತಾರೀಖು ಹೆಸರು ಬಿಡಿಸುವ ವಾರದಲ್ಲೇ ಬಿತ್ತು, ಮಳೆಗೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯಿತು. ಇನ್ನು ಮೇಲೆ ದಾರಿಯಲ್ಲಿ ಯಾರು ಬಿದ್ದಿದ್ದರೂ ಇಳಿಯಕೂಡದು ಎಂದು ಮನೆಯವರು ಆಣೆ ಹಾಕಿಸಿದ್ದರಂತೆ. ಆ ಆಣೆಯನ್ನು ಮುರಿದು ಅವರು ಅಂದು ಇಳಿದಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ವಲ್ಲಿ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಸಂತೆಯಲ್ಲಿ ಕಳೆಯಿತು ಎಂದಿದ್ದರು.

ಇಲ್ಲಿ ಕಾನೂನಿನ ಎರಡು ಮಾತು ಹೇಳಬೇಕು, ಏಕೆಂದರೆ ಅವರ ಭಯಕ್ಕೆ ಈಗ ಉತ್ತರವಿದೆ. ದಾರಿಯಲ್ಲಿ ಸಹಾಯ ಮಾಡಿದವರನ್ನು ಪೀಡಿಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಗೆ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ನಮ್ಮ ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು, 2020ರಲ್ಲಿ ಅದರ ನಿಯಮಗಳು ಬಂದವು. ಇವುಗಳ ಸಾರ ಇಷ್ಟು. ಗಾಯಾಳುವನ್ನು ಆಸ್ಪತ್ರೆಗೆ ತಂದವರು ತಮ್ಮ ಹೆಸರು, ವಿಳಾಸ, ಫೋನ್ ನಂಬರು ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಂಬಂಧಿಕರಲ್ಲದವರಿಂದ ಹಣ ಕೇಳುವಂತಿಲ್ಲ, ತಡೆದು ನಿಲ್ಲಿಸುವಂತಿಲ್ಲ. ಅವರಾಗಿಯೇ ಸಾಕ್ಷಿ ಹೇಳಲು ಒಪ್ಪಿದರೆ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಅವರ ಮನೆಯಂಥ ಅನುಕೂಲವಾದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು. ಸಹಾಯ ಮಾಡುವಾಗ ಗೊತ್ತಿಲ್ಲದೆ ಏನಾದರೂ ಹೆಚ್ಚುಕಡಿಮೆಯಾದರೂ, ಒಳ್ಳೆಯ ಮನಸ್ಸಿನಿಂದ ಮಾಡಿದವರ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲಿ ಹಾಕಬೇಕೆಂದೂ ನಿಯಮವಿದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಫಲಕ ಇದೆಯೇ ಎಂದು ನೋಡಿ, ಇರದಿದ್ದರೆ ಕೇಳಿ.

ಹೆಸರು ಹೇಳದಿರುವುದು ಅವರ ಹಕ್ಕು ಎಂದಮೇಲೆ, ಕೃತಜ್ಞತೆಯ ಹೆಸರಿನಲ್ಲಿ ನಾವು ಅದನ್ನು ಕಸಿದುಕೊಳ್ಳುವುದು ಹೇಗೆ? ಪೊಲೀಸರು ಕೇಳಬಾರದ ಹೆಸರನ್ನು ನಾವು ಶಾಲು ಹೊದಿಸುತ್ತೇವೆಂದು ಕೇಳಿದರೆ ಸರಿಯಾಗುತ್ತದೆಯೇ? ನಿಮಗೆ ಹೇಳುತ್ತೇನೆ, ಈ ಹಬ್ಬದ ದಿನ ಅವರನ್ನು ಇಲ್ಲಿ ವೇದಿಕೆಗೆ ಕರೆಸಿ ಸನ್ಮಾನ ಮಾಡಬೇಕೆಂದು ನಾನೇ ಮೊದಲು ಯೋಚಿಸಿದ್ದೆ. ಸಾವಕಾರರು ಬಾಗಿಲು ಹಾಕಿದ್ದು ಒಳ್ಳೆಯದೇ ಆಯಿತು.

ರೈತರ ಉತ್ತರ ‘ಒಲ್ಲೆ’ ಎಂದು ಬಂದಿತ್ತು. ಆದ್ದರಿಂದ ಪತ್ರ ಬರೆಯುವುದು ಎಂದಾಯಿತು. ಕುಟುಂಬದವರು ಮೊದಲು ಬರೆದು ತಂದ ಪತ್ರವನ್ನು ನಾನು ಓದಿದೆ. ತಾವು ದೇವರ ಹಾಗೆ ಬಂದಿರಿ, ಏಳೇಳು ಜನ್ಮಕ್ಕೂ ತಮ್ಮ ಋಣ ತೀರದು ಎಂದು ಎರಡು ಪುಟ ತುಂಬಿತ್ತು. ಏಳು ಜನ್ಮದ ಮಾತು ನಮ್ಮ ವಿಶ್ವಾಸಕ್ಕೆ ಸೇರಿದ್ದಲ್ಲ, ಅದು ಒತ್ತಟ್ಟಿಗಿರಲಿ. ಆ ಎರಡು ಪುಟದಲ್ಲಿ ರೈತರಿಗೆ ಬೇಕಾದ ಒಂದೇ ಒಂದು ಸಂಗತಿ ಇರಲಿಲ್ಲ. ಯೋಚಿಸಿ ನೋಡಿ, ಅವರು ಕಡೆಯದಾಗಿ ಕಂಡದ್ದು ಏನು? ಆಂಬುಲೆನ್ಸಿನ ಬಾಗಿಲು ಮುಚ್ಚಿದ್ದು. ಆ ಮನುಷ್ಯ ಬದುಕಿದನೇ, ಕಾಲು ಉಳಿಯಿತೇ, ಹುಡುಗಿಗೆ ತಲೆಯ ಪೆಟ್ಟು ಏನಾಯಿತು, ಯಾವುದೂ ಅವರಿಗೆ ಗೊತ್ತಿಲ್ಲ. ನೀರು ಬೇಡ ಎಂದದ್ದು ಸರಿಯೋ ತಪ್ಪೋ ಎಂದು ಅವರು ರಾತ್ರಿ ಎದ್ದು ಕುಳಿತಿರಲೂಬಹುದು. ಬಾಯಾರಿದ ಮಗು ನೀರು ಕೇಳಿದಾಗ ಬೇಡ ಎನ್ನುವುದು ನಮ್ಮ ಕಡೆಯ ಮನುಷ್ಯರಿಗೆ ಸಣ್ಣ ಮಾತಲ್ಲ.

ಹಾಗಾಗಿ ಎರಡನೆಯ ಪತ್ರ ಒಂದೇ ಪುಟದ್ದಾಯಿತು. ಕಾಲಿನ ಮೂಳೆಗೆ ರಾಡ್ ಹಾಕಿದ್ದಾರೆ, ಈಗ ಊರುಗೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ ಎಂದು ಬರೆದರು. ಹುಡುಗಿಯ ಮುಂಗೈಗೆ ಪಟ್ಟಿ ಹಾಕಿದ್ದರು, ತಲೆಯ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ, ಶಾಲೆಗೆ ಹೋಗುತ್ತಿದ್ದಾಳೆ. ನೀವು ವಲ್ಲಿ ಎತ್ತದೆ ಒತ್ತಿ ಹಿಡಿದದ್ದರಿಂದ ರಕ್ತ ಹೆಚ್ಚು ಹೋಗಲಿಲ್ಲ ಎಂದು ವೈದ್ಯರು ಹೇಳಿದರು. ನೀರು ಕೊಡದಿದ್ದದ್ದೂ ಸರಿ ಎಂದರು. ಚಹಾಪುಡಿಯ ಸಂಗತಿ ಕೇಳಿ ಅವರು ಕೈಮುಗಿದರು. ಬೈಕು, ಕೀಲಿ, ಪರ್ಸು ಎಲ್ಲ ಇದ್ದ ಹಾಗೆಯೇ ಸಿಕ್ಕಿತು. ಕೊನೆಗೆ ಒಂದು ಸಾಲು: ನೀವು ಉತ್ತರ ಕಳಿಸಬೇಕಾಗಿಲ್ಲ, ನಿಮ್ಮ ಹೆಸರನ್ನು ನಾವು ಯಾರಲ್ಲೂ ಕೇಳುವುದಿಲ್ಲ. ಆ ಸಾಲು ಬರೆಯುವುದೇ ತಾಯಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಇನ್ನೊಂದು ಇಕ್ಕಟ್ಟು ಬಂತು. ಬಂಧುಗಳೊಬ್ಬರು, ಆ ರೈತನ ಸಾಕ್ಷಿ ಸಿಕ್ಕರೆ ವಿಮೆಯ ಕೆಲಸಕ್ಕೆ ಅನುಕೂಲ, ಅದನ್ನೂ ಪತ್ರದಲ್ಲೇ ಕೇಳಿಬಿಡಿ ಎಂದರು. ವಿಮೆಯ ಹಣ ಅವರಿಗೆ ಬೇಡವಾದದ್ದಲ್ಲ; ಆಸ್ಪತ್ರೆಯ ಖರ್ಚು ಎಷ್ಟೆಂದು ನನಗೆ ಗೊತ್ತು. ಆದರೂ ನಾನು ಬೇಡವೆಂದೆ. ಧನ್ಯವಾದದ ಲಕೋಟೆಯೊಳಗೆ ಬೇಡಿಕೆಯನ್ನೂ ಇಟ್ಟರೆ, ತೆರೆದವರ ಕಣ್ಣಿಗೆ ಕಾಣುವುದು ಬೇಡಿಕೆ ಮಾತ್ರ. ಹದಿನೈದು ವರ್ಷದ ಹಿಂದಿನ ಕೋರ್ಟಿನ ಮೆಟ್ಟಿಲು ಮತ್ತೆ ಅವರ ಕಣ್ಣ ಮುಂದೆ ಬರುತ್ತದೆ. ಸಾಕ್ಷಿ ಬೇಕೇಬೇಕಾದರೆ ಅದನ್ನು ಬೇರೆ ದಿನ, ಬೇರೆ ಮಾತಿನಲ್ಲಿ, ಒಲ್ಲೆ ಎನ್ನುವ ಸ್ವಾತಂತ್ರ್ಯ ಬಿಟ್ಟು ಕೇಳಬೇಕು. ಇವರು ಕೇಳಲೇ ಇಲ್ಲ. ಅಲ್ಲಿದ್ದ ಚಹಾದ ಅಂಗಡಿಯವರು ತಾವಾಗಿಯೇ ಮುಂದೆ ಬಂದರು.

ಸರ್ಕಾರದ ಬಹುಮಾನದ ಮಾತೂ ಬಂತು. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆಗೆ ತಲುಪಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿಯ ಬಹುಮಾನ ಆರಂಭಿಸಿತು. 2025ರಲ್ಲಿ ಅದನ್ನು 25,000 ರೂಪಾಯಿಗೆ ಏರಿಸಿತು. ರೈತ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಅದಕ್ಕೆ ಹೆಸರು ಬೇಕು, ವಿಳಾಸ ಬೇಕು, ಕಾಗದ ಅಧಿಕಾರಿಗಳ ಮೂಲಕ ಹೋಗಬೇಕು. ಅವರ ಪರವಾಗಿ ನಾವೇ ನಿರ್ಧರಿಸುವಂಥದ್ದಲ್ಲ. ಹೀಗೊಂದು ಇದೆ ಎಂದು ಸಾವಕಾರರು ಅವರಿಗೆ ತಿಳಿಸಿದರು. ಅವರು, “ರೊಕ್ಕಕ್ಕ ಇಳದಂಗ ಆಗ್ತದ್ರಿ” ಎಂದರಂತೆ. ಬೇರೆಯವರು ಅದನ್ನು ಪಡೆದರೆ ಅದರಲ್ಲಿ ಏನೂ ತಪ್ಪಿಲ್ಲ. ಸಮಾರಿಯದವನ ಲೆಕ್ಕವೇ ಬೇರೆ, ಅವನು ಎರಡು ದೆನಾರಿ ತಾನೇ ಕೊಟ್ಟು ಹೋದವನು.

ಹಾಗಾದರೆ ಏನನ್ನೂ ಕೊಡಬಾರದೇ? ತಾಯಿಯೇ ದಾರಿ ಕಂಡುಕೊಂಡರು. ಕಳೆದದ್ದು ಒಂದು ವಲ್ಲಿ, ಅಲ್ಲವೇ? ಬೆಟಗೇರಿಯ ಅಂಗಡಿಯಲ್ಲಿ ಒಂದು ಒಳ್ಳೆಯ ವಲ್ಲಿ ಕೊಂಡು, ಅದೇ ಬಟ್ಟೆಯ ಚೀಲವನ್ನು ಒಗೆದು ಮಡಚಿ ಅದರೊಳಗಿಟ್ಟರು. ಮೇಲೆ ಪತ್ರ. ಸಾವಕಾರರ ಕೈಗೆ ಕೊಟ್ಟರು.

ಸಾವಕಾರರ ಕೆಲಸವನ್ನು ನೀವು ಗಮನಿಸಬೇಕು. ಅವರಿಗೆ ಇದರಿಂದ ಲಾಭವಿಲ್ಲ. ರೈತರು ಮಾಲು ತಂದ ದಿನ, ಅಂಗಡಿಯಲ್ಲಿ ಜನರಿರುವಾಗ ಕೊಡಲಿಲ್ಲ. ತೂಕ, ಪಟ್ಟಿ ಎಲ್ಲ ಮುಗಿದು ಹಮಾಲರು ಊಟಕ್ಕೆ ಹೋದ ಮೇಲೆ ಗಾದಿಯ ಮೇಲೆ ಕೂರಿಸಿ, ಪತ್ರವನ್ನು ತಾವೇ ಓದಿ ಹೇಳಿದರು. ಕಣ್ಣಿಗೆ ಕನ್ನಡಕವಿಲ್ಲ, ಓದ್ರಿ ಎಂದರಂತೆ ರೈತರು. ಶಾಲೆಗೆ ಹೋಗುತ್ತಿದ್ದಾಳೆ ಎಂಬಲ್ಲಿಗೆ ಬಂದಾಗ, “ಅದನ್ನ ಇನ್ನೊಮ್ಮೆ ಓದ್ರಿ” ಎಂದರು. ಸಾವಕಾರರು ಓದಿದರು. ಅಂದು ಸಂಜೆಯೇ ನನಗೆ ಫೋನ್ ಮಾಡಿ, “ಮುಟ್ಟಿತ್ರಿ ಸ್ವಾಮ್ಯಾರ” ಎಂದು ಹೇಳಿದರು. ಹೆಸರನ್ನು ಅಂದೂ ಹೇಳಲಿಲ್ಲ, ಇಂದೂ ಹೇಳಿಲ್ಲ. ನಡುವಿನವರು ಮಾತನ್ನು ಮುಟ್ಟಿಸಬೇಕು. ಮುಟ್ಟಿತು ಎಂದು ಹೇಳಿದವರಿಗೂ ತಿಳಿಸಬೇಕು. ಇಲ್ಲದಿದ್ದರೆ ಕೊಟ್ಟವರು ಕಾಯುತ್ತಲೇ ಇರುತ್ತಾರೆ.

ಸಂತ ಲೂಕರ ಶುಭಸಂದೇಶದಲ್ಲಿ ಇನ್ನೊಬ್ಬ ಸಮಾರಿಯದವನಿದ್ದಾನೆ, ಹದಿನೇಳನೆಯ ಅಧ್ಯಾಯದಲ್ಲಿ. ಹತ್ತು ಜನ ಕುಷ್ಠರೋಗಿಗಳು ಗುಣವಾದಾಗ ಯೇಸುಸ್ವಾಮಿಯ ಬಳಿಗೆ ಹಿಂದಿರುಗಿ ಬಂದವನು ಅವನೊಬ್ಬನೇ. ಒಬ್ಬ ಸಮಾರಿಯದವನು ಉಪಕಾರ ಮಾಡಿ ಹೆಸರು ಹೇಳದೆ ಹೋಗುತ್ತಾನೆ, ಇನ್ನೊಬ್ಬ ಉಪಕಾರ ನೆನೆದು ತಿರುಗಿ ಬರುತ್ತಾನೆ. ಇಬ್ಬರೂ ಪರಕೀಯರೆಂದು ಜನ ದೂರವಿಟ್ಟವರು. ನಮ್ಮ ಕಥೆಯಲ್ಲಿ ರೈತರು ಯಾವ ಜಾತಿ, ಯಾವ ಧರ್ಮದವರು ಎಂದು ನನಗೆ ಗೊತ್ತಿಲ್ಲ. ಸಾವಕಾರರ ಹಣೆಯ ಮೇಲೆ ವಿಭೂತಿ ಇತ್ತು. ಹುಡುಗಿಯ ಕೊರಳಲ್ಲಿ ಶಿಲುಬೆ ಇತ್ತು, ಅದನ್ನು ರೈತರು ನೋಡಿಯೇ ಇರುತ್ತಾರೆ.

ನಂತರ ಸುಮಾರು ಒಂದು ತಿಂಗಳು ಏನೂ ಇರಲಿಲ್ಲ. ಉತ್ತರ ಬೇಡವೆಂದು ನಾವೇ ಬರೆದಿದ್ದೆವಲ್ಲ. ಆಮೇಲೆ ಒಂದು ಶನಿವಾರ ಸಾವಕಾರರ ಅಂಗಡಿಯ ಹುಡುಗ ಅದೇ ಬಟ್ಟೆಯ ಚೀಲವನ್ನು ತಂದು ದೇವಾಲಯದ ಬಾಗಿಲಲ್ಲಿ ಕೊಟ್ಟು ಹೋದ. ಒಳಗೆ ಅರ್ಧ ಚೀಲ ಹೊಸ ಹೆಸರುಕಾಳು. ಅದರ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಹುಡುಗಿಯ ಒಂದು ಚಪ್ಪಲಿ. ಅಂದು ಹೇಗೋ ಅವರ ಟ್ರೇಲರಿನೊಳಗೆ ಸೇರಿತ್ತಂತೆ. ಎರೆಮಣ್ಣು ಒಂದಿಷ್ಟೂ ಉಳಿಯದ ಹಾಗೆ ತೊಳೆದಿದ್ದರು. ಕಿತ್ತುಹೋಗಿದ್ದ ಬಾರನ್ನು ಹೊಲಿಸಿದ್ದರು.

ತಾಯಿ ಇನ್ನೊಂದು ಕಾಲಿನದನ್ನು ಎಸೆದಿರಲಿಲ್ಲ. ಹುಡುಗಿ ಇಂದು ಅವೆರಡನ್ನೂ ಹಾಕಿಕೊಂಡು ಬಂದಿದ್ದಾಳೆ, ಕಾಲಿಗೆ ಸ್ವಲ್ಪ ಬಿಗಿಯಾಗುತ್ತದಂತೆ. ಯಾರೆಂದು ತಿರುಗಿ ನೋಡಬೇಡಿ.

ಈಗ ಎಲ್ಲರೂ ಹೊರಗೆ ಬನ್ನಿ. ವಾಹನಗಳ ಜೊತೆಗೆ ಹೆಲ್ಮೆಟ್ಟುಗಳನ್ನೂ ಸೀಟಿನ ಮೇಲೆ ಇಡಿ, ಹಿಂದೆ ಕೂರುವವರದ್ದನ್ನೂ. ಪವಿತ್ರ ಜಲ ಅವುಗಳ ಮೇಲೂ ಬೀಳಲಿ. ಆಮೆನ್.